ಹದಿನೈದು ನಿಮಿಷದ ಮೇಷ್ಟ್ರು

ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಖಾಸಗಿ ಶಾಲೆಯ ಫೋನು ಬರುವುದು ಸಾಮಾನ್ಯವಾಗಿ ಸಂಜೆ ಐದೂವರೆಗೆ. "ನಾಳೆ ಹತ್ತು ಗಂಟೆಗೆ ಡೆಮೊ ಇದೆ. ಏಳನೇ ತರಗತಿ, ಗಣಿತ. ಟಾಪಿಕ್ ನಿಮ್ಮಿಷ್ಟ." ಅಷ್ಟು ಹೇಳಿ ಇಟ್ಟುಬಿಡುತ್ತಾರೆ. ಡೆಮೊ ಅಂದರೆ ಕೆಲಸ ಕೊಡುವ ಮೊದಲು ಮಾಡಿಸಿ ನೋಡುವ ಮಾದರಿ ಪಾಠ. ಈ "ನಿಮ್ಮಿಷ್ಟ" ಅನ್ನುವುದಿದೆಯಲ್ಲ, ಅದು ಊಟದ ಮನೆಯಲ್ಲಿ "ಸಂಕೋಚ ಮಾಡ್ಕೋಬೇಡಿ" ಅಂದ ಹಾಗೆ. ನಂಬಿ ಕೂತವನ ಎಲೆಯ ಮೇಲೆ ಏನು ಬೀಳುತ್ತದೋ ಹೇಳಲಾಗದು.

ಫೋನು ಇಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಎದುರಿಗೆ ಕೂರುವವರು ನಿಜವಾದ ಮಕ್ಕಳೋ, ಮಕ್ಕಳ ವೇಷದ ಶಿಕ್ಷಕರೋ? ಎಷ್ಟು ನಿಮಿಷ? ಸೀಮೆಸುಣ್ಣದ ಬೋರ್ಡೋ, ಮಾರ್ಕರ್ ಬೋರ್ಡೋ? ಪಾಠ ಯಾವ ಮಾಧ್ಯಮದಲ್ಲಿ? ಇವನ್ನು ಕೇಳಿದರೆ ಕೆಲಸ ಹೋಗುತ್ತದೆ ಅಂದುಕೊಂಡು ಎಲ್ಲರೂ "ಓಕೆ ಮೇಡಂ, ಥ್ಯಾಂಕ್ಯೂ ಮೇಡಂ" ಅಂತಾರೆ. ಮಾರನೇ ದಿನ ಅಂಶ, ಛೇದ ಅಂತ ಶುರು ಮಾಡುತ್ತಾರೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಅವು ಯಾರೋ ದೂರದ ನೆಂಟರ ಹೆಸರಿನಂತೆ ಕೇಳುತ್ತವೆ. ನ್ಯೂಮರೇಟರ್ ಅಂದ ಮೇಲೇ ಮುಖ ಅರಳುವುದು.

ಇನ್ನು ಟಾಪಿಕ್. ನಿಮ್ಮಿಷ್ಟ ಅಂದ ತಕ್ಷಣ ಅಭ್ಯರ್ಥಿಯ ಕೈ ಹೋಗುವುದು ದೊಡ್ಡದರ ಮೇಲೆ. "ಭಿನ್ನರಾಶಿಗಳು" ಅಂತ ಇಡೀ ಅಧ್ಯಾಯವನ್ನೇ ಹೊತ್ತು ತರುತ್ತಾರೆ. ಹದಿನೈದು ನಿಮಿಷದಲ್ಲಿ ವಿಧಗಳು, ಕೂಡುವುದು, ಕಳೆಯುವುದು, ಗುಣಿಸುವುದು, ಕೊನೆಗೆ "ಭಾಗಾಕಾರವನ್ನು ಮುಂದಿನ ತರಗತಿಯಲ್ಲಿ ನೋಡೋಣ". ಮುಂದಿನ ತರಗತಿ ಇದೆಯೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಲಿಕ್ಕೇ ಹಿಂದಿನ ಬೆಂಚಿನಲ್ಲಿ ಮೂರು ಜನ ಕೂತಿದ್ದಾರೆ ಅನ್ನುವುದು ಮರೆತೇ ಹೋಗಿರುತ್ತದೆ.

ಬೇಕಾದದ್ದು ಒಂದು ಹೋಳು. ಉದಾಹರಣೆಗೆ, ಭಿನ್ನರಾಶಿಯಿಂದ ಭಾಗಿಸುವುದು. ಅದರಲ್ಲೂ ಒಂದೇ ಲೆಕ್ಕ: 2 ÷ 2/3. ಪಾಠದ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು: "ತರಗತಿ ಮುಗಿಯುವಾಗ ಮಗು 2 ÷ 2/3 ಏಕೆ 3 ಅಂತ ಉದ್ದನೆಯ ಪಟ್ಟಿಯ ಚಿತ್ರ ಬರೆದು ತೋರಿಸಬೇಕು." "ಮಗುವು ಭಿನ್ನರಾಶಿಗಳ ಮಹತ್ವವನ್ನು ಮನಗಾಣುತ್ತದೆ" ಅಂತ ಬರೆದರೆ ಮನಗಂಡಿತೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ಪಟ್ಟಿ ಬರೆದದ್ದು ಕಣ್ಣಿಗೆ ಕಾಣುತ್ತದೆ.

ಈ ಹೋಳನ್ನೇ ಆರಿಸುವುದಕ್ಕೆ ಕಾರಣವಿದೆ. "ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು" ಅನ್ನುವ ಮಂತ್ರ ನಮ್ಮೆಲ್ಲರಿಗೂ ಬಾಯಿಪಾಠ. ಏಕೆ ತಲೆಕೆಳಗು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ಸೀಲಿಂಗ್ ಫ್ಯಾನು ನೋಡುತ್ತಾರೆ. ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕದ 23 ಶಿಕ್ಷಕರಿಗೆ ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕ ಕೊಟ್ಟು, ಅದಕ್ಕೆ ಹೊಂದುವ ಒಂದು ಕಥೆ ಹೇಳಿ ಅಂದರು. ಆ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಲೆಕ್ಕದ ಅರ್ಥಕ್ಕೆ ಸರಿಯಾಗಿ ಕಥೆ ಕಟ್ಟಿದವರು ಒಬ್ಬರೇ ಒಬ್ಬರು. ಹಲವರು ಕಜ್ಜಾಯವನ್ನು ಇಬ್ಬರಿಗೆ ಸಮನಾಗಿ ಹಂಚಿದರು. ಅದು ಎರಡರಿಂದ ಭಾಗಿಸಿದ ಹಾಗಾಯಿತು, ಅರ್ಧದಿಂದ ಅಲ್ಲ. (ಕಜ್ಜಾಯ ನನ್ನ ಸೇರ್ಪಡೆ. ಅವರದು ಬೇರೆ ತಿಂಡಿಗಳು.)

ಕನ್ನಡದಲ್ಲಂತೂ ಈ ಗುಂಡಿ ಇನ್ನೂ ಆಳ. "ಆರನ್ನು ಅರ್ಧ ಮಾಡು" ಅಂದರೆ ಮೂರು. "ಆರನ್ನು ಅರ್ಧದಿಂದ ಭಾಗಿಸು" ಅಂದರೆ ಹನ್ನೆರಡು. ಎರಡು ಮಾತಿಗೂ ನಡುವೆ ಇರುವುದು ಒಂದು ವಿಭಕ್ತಿ ಪ್ರತ್ಯಯ, ಒಂದು ಕ್ರಿಯಾಪದ, ಉತ್ತರಕ್ಕೆ ಬರುವುದು ನಾಲ್ಕು ಪಟ್ಟು ವ್ಯತ್ಯಾಸ. ಡೆಮೊದಲ್ಲಿ ನಾಲಿಗೆ ಹೊರಳುವುದು ಸರಿಯಾಗಿ ಇಲ್ಲೇ. ಆದ್ದರಿಂದ "ಭಾಗಿಸು" ಅನ್ನುವ ಮಾತನ್ನೇ ಮೊದಲ ಮೂರು ನಿಮಿಷ ಪಕ್ಕಕ್ಕಿಟ್ಟು, "ಇದರಲ್ಲಿ ಅಂಥವು ಎಷ್ಟಿವೆ?" ಅಂತ ಕೇಳುವುದು ಕ್ಷೇಮ. ಅಜ್ಜಿಯ ಕಾಲದ ಅಡುಗೆಮನೆಯಲ್ಲಿ ಈ ಲೆಕ್ಕ ಯಾವಾಗಲೂ ಹೀಗೇ ನಡೆಯುತ್ತಿತ್ತು. ಮೂರು ಸೇರು ಅಕ್ಕಿಯಲ್ಲಿ ಎಷ್ಟು ಪಾವು? ಒಂದು ಸೇರಿಗೆ ನಾಲ್ಕು ಪಾವು, ಮೂರು ಸೇರಿಗೆ ಹನ್ನೆರಡು. ಮೂರನ್ನು ಕಾಲರಿಂದ ಭಾಗಿಸಿದ್ದಾಯಿತು. ಯಾರೂ ಏನನ್ನೂ ತಲೆಕೆಳಗು ಮಾಡಲಿಲ್ಲ, ಅಕ್ಕಿ ಚೆಲ್ಲುತ್ತಿತ್ತು.

ಉದಾಹರಣೆ ಆರಿಸುವಾಗ ಒಂದಿಷ್ಟು ಎಚ್ಚರ ಬೇಕು. ಹಾಲಿನ ಪ್ಯಾಕೆಟ್ಟು ಎಲ್ಲರ ಮನೆಯಲ್ಲೂ ಇರುತ್ತದೆ, "3 ಲೀಟರ್ ಹಾಲಿಗೆ ಅರ್ಧ ಲೀಟರಿನ ಎಷ್ಟು ಪ್ಯಾಕೆಟ್?" ಅನ್ನುವುದು ಸೊಗಸಾದ ಪ್ರಶ್ನೆ. ಆದರೆ 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ಟು ಬೆಲೆಯ ಜೊತೆಗೆ 550 ಮಿಲಿಲೀಟರಿಗೆ ಏರಿತ್ತು, 2025ರ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಬಂತು. ಆ ಒಂಬತ್ತು ತಿಂಗಳಲ್ಲಿ ಈ ಉದಾಹರಣೆ ಹಿಡಿದು ನಿಂತವರ ಕಷ್ಟ ಊಹಿಸಿ. ಮುಂದಿನ ಬೆಂಚಿನಲ್ಲಿ, ದಿನಾ ಬೆಳಿಗ್ಗೆ ಹಾಲು ತರುವ ಒಂದು ಮಗು ಇದ್ದೇ ಇರುತ್ತದೆ. ಅದು ಕೈ ಎತ್ತಿತೆಂದರೆ ಪಾಠ ಭಿನ್ನರಾಶಿಯಿಂದ ಹಾಲು ಒಕ್ಕೂಟಕ್ಕೆ ಹೋಯಿತು.

ಚಪಾತಿಯೂ ಬೇಡ. ಅರ್ಧ, ಕಾಲಿಗೆ ಚಪಾತಿ ಚೆನ್ನ. ಬೋರ್ಡಿನ ಮೇಲೆ ವೃತ್ತವನ್ನು ಸರಿಯಾಗಿ ಮೂರು ಪಾಲು ಮಾಡಲು ಹೋಗಿ ನೋಡಿ. ಒಂದು ಪಾಲು ಮಾವನ ಮನೆಗೆ, ಇನ್ನೊಂದು ಸೊಸೆಗೆ ಎಂಬಂತೆ ಹೆಚ್ಚುಕಡಿಮೆ ಆಗುತ್ತದೆ. ಆಯತಾಕಾರದ ಕಡಲೆ ಚಿಕ್ಕಿ ಒಳ್ಳೆಯದು. ಉದ್ದನೆಯ ಪಟ್ಟಿ, ಗೆರೆ ಎಳೆದರೆ ಪಾಲು. ನಿಜವಾದ ಚಿಕ್ಕಿ ಮಾತ್ರ ತೆಗೆದುಕೊಂಡು ಹೋಗಬಾರದು. ಅದು ಹೇಳಿದ ಕಡೆ ಮುರಿಯುವುದಿಲ್ಲ, ಮತ್ತು ಮೂರನೇ ನಿಮಿಷಕ್ಕೆ ಬೋಧನೋಪಕರಣವೇ ಉಳಿದಿರುವುದಿಲ್ಲ.

ಹಿಂದಿನ ರಾತ್ರಿಯ ಕೆಲಸ ಹೀಗೆ. ಎದುರಿಗೆ ಮೂವತ್ತು ಮಕ್ಕಳು, ಇಬ್ಬಿಬ್ಬರಿಗೆ ಒಂದು ಜೊತೆ ಪಟ್ಟಿ ಅಂದುಕೊಂಡರೆ ಮೂವತ್ತು ಪಟ್ಟಿ ಬೇಕು. ಎ4 ಹಾಳೆ ಅಡ್ಡಕ್ಕೆ 21 ಸೆಂಟಿಮೀಟರ್ ಇರುವುದರಿಂದ 5 ಸೆಂಟಿಮೀಟರ್ ಅಗಲದ ನಾಲ್ಕು ಪಟ್ಟಿ ಬರುತ್ತವೆ. ಉದ್ದವನ್ನು 24ಕ್ಕೆ ಕತ್ತರಿಸಿ. ಎಂಟು ಹಾಳೆ ಸಾಕು. 24 ಏಕೆಂದರೆ 8 ಮತ್ತು 16ರಲ್ಲಿ ಗುರುತು ಹಾಕಿದರೆ ಮೂರು ಸಮಪಾಲು. ಈ ಗುರುತನ್ನು ಮನೆಯಲ್ಲೇ ಹಾಕಿ, ಮಡಿಕೆಯನ್ನೂ ಉಗುರಿನಿಂದ ಗೀರಿ ಒಯ್ಯಬೇಕು. "ಮಕ್ಕಳೇ, ಮೂರು ಸಮಭಾಗವಾಗಿ ಮಡಚಿ" ಅಂದರೆ ಮೂವತ್ತು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ಅರ್ಧಕ್ಕೆ ಮಡಚಿ, ಆಮೇಲೆ ಇನ್ನೊಮ್ಮೆ ಅರ್ಧಕ್ಕೆ ಮಡಚಿ ನಾಲ್ಕು ಮಾಡಿಟ್ಟಿರುತ್ತಾರೆ. ಉಳಿದವರು ವಿಮಾನ ಮಾಡಿರುತ್ತಾರೆ. ಬೋರ್ಡಿಗೆ ಅಂಟಿಸಲು ಡ್ರಾಯಿಂಗ್ ಶೀಟಿನಲ್ಲಿ 60 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ, 20 ಮತ್ತು 40ರಲ್ಲಿ ದಪ್ಪ ಗೆರೆ. ಟೇಪನ್ನು ಮೊದಲೇ ಹಿಂಬದಿಗೆ ಅಂಟಿಸಿಕೊಂಡಿರಬೇಕು. ಟೇಪಿನ ತುದಿ ಹುಡುಕುತ್ತಾ ಉಗುರಿನಲ್ಲಿ ಕೆರೆಯುತ್ತಾ ನಿಂತ ಅಭ್ಯರ್ಥಿಯಷ್ಟು ದೀನರಾಗಿ ಕಾಣುವವರು ಪ್ರಪಂಚದಲ್ಲಿ ಬೇರೆ ಇಲ್ಲ.

ಬಿ.ಇಡಿ. ಮಾಡಿದವರಿಗೆ ಸೂಕ್ಷ್ಮ ಬೋಧನೆ ನೆನಪಿರುತ್ತದೆ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಇನ್ನಾರು ನಿಮಿಷ ಹಿಮ್ಮಾಹಿತಿ, ಒಟ್ಟು 36 ನಿಮಿಷದ ಚಕ್ರ. ಡೆಮೊ ಅಂದರೆ ಅದರ ಮೊದಲ ಆರು ನಿಮಿಷ ಮಾತ್ರ. ಹದಿನೈದು ನಿಮಿಷ ಅಂತ ಹೇಳಿರುತ್ತಾರೆ ನಿಜ. ಆದರೆ ಹೊರಗೆ ಇನ್ನೂ ನಾಲ್ಕು ಜನ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ, ಪ್ರಿನ್ಸಿಪಾಲರಿಗೆ ಹನ್ನೊಂದಕ್ಕೆ ಮೀಟಿಂಗು. ಹಾಗಾಗಿ ಎಂಟನೇ ನಿಮಿಷಕ್ಕೆ "ಥ್ಯಾಂಕ್ಯೂ, ಸಾಕು" ಬರುವ ಸಾಧ್ಯತೆ ಯಾವಾಗಲೂ ಇದ್ದೇ ಇದೆ. ಪಾಠದ ತಿರುಳು ಏಳನೇ ನಿಮಿಷದೊಳಗೆ ಬೋರ್ಡಿನ ಮೇಲೆ ಬಂದಿರಬೇಕು. ಪೀಠಿಕೆಗೆ ಎರಡು ನಿಮಿಷ, ತಿರುಳಿಗೆ ಐದು, ಮಕ್ಕಳ ಕೈಕೆಲಸಕ್ಕೆ ನಾಲ್ಕು, ಪ್ರಶ್ನೆಗೆ ಮೂರು, ಕೊನೆಯ ಒಂದನ್ನು ಖಾಲಿ ಬಿಡುವುದು. ಆ ಒಂದು ನಿಮಿಷ ಎಲ್ಲಿಯಾದರೂ ಸೋರಿಹೋಗೇ ಹೋಗುತ್ತದೆ.

ಸೋರುವುದು ಬಹುಪಾಲು ಬಾಗಿಲಲ್ಲೇ. ಒಳಗೆ ಬಂದ ಕೂಡಲೇ ಮಕ್ಕಳು ಎದ್ದು ನಿಂತು "ಗುಡ್ ಮಾ...ರ್ನಿಂಗ್ ಮಿ...ಸ್" ಅಂತ ರಾಗವಾಗಿ ಹಾಡುತ್ತಾರೆ. ಅದಕ್ಕೇ ಹದಿನೈದು ಸೆಕೆಂಡು. ನಂತರ ಅಭ್ಯರ್ಥಿ ತನ್ನ ಹೆಸರು, ಊರು, ಓದಿದ ಕಾಲೇಜು, ಹವ್ಯಾಸ ಹೇಳಿ, ಪ್ರತಿ ಮಗುವಿನ ಹೆಸರನ್ನೂ ಕೇಳಲು ಶುರು ಮಾಡಿದರೆ, ಐದನೇ ನಿಮಿಷದಲ್ಲಿ ಮೂರನೇ ಸಾಲಿನ ಹೆಸರುಗಳು ನಡೆಯುತ್ತಿರುತ್ತವೆ. ಒಂದೇ ವಾಕ್ಯ ಸಾಕು. ಕೂರಿಸಿ, ಪಟ್ಟಿ ತೋರಿಸಿ. ಹೆಸರುಗಳು ಬೇಕೇ ಬೇಕೆಂದರೆ ಉತ್ತರ ಹೇಳಿದ ಮಗುವಿನ ಹೆಸರು ಕೇಳಿ, ಬೋರ್ಡಿನ ಮೇಲೆ ಆ ಉತ್ತರದ ಪಕ್ಕ ಬರೆಯಿರಿ.

ಬೋರ್ಡಿನದೇ ಒಂದು ಪುರಾಣ. ಹೊಸ ಸೀಮೆಸುಣ್ಣ ಕಿರ್ರೆಂದು ಕಿರುಚುವುದು ಅದು ಉದ್ದವಾಗಿರುವುದರಿಂದ. ಬೋರ್ಡಿಗೆ ನೆಟ್ಟಗೆ ತಾಗಿ ಒಂದಿಷ್ಟು ಅಂಟಿಕೊಂಡು, ಒಂದಿಷ್ಟು ಜಾರಿ, ಇಡೀ ಕಡ್ಡಿ ನಡುಗುತ್ತದೆ. ಅರ್ಧಕ್ಕೆ ಮುರಿದು, ಓರೆಯಾಗಿ ಹಿಡಿದರೆ ಸುಮ್ಮನಾಗುತ್ತದೆ. ಇನ್ನು ಬಿಳಿ ಬೋರ್ಡಿನ ಟ್ರೇಯಲ್ಲಿ ಇರುವ ನಾಲ್ಕು ಮಾರ್ಕರುಗಳಲ್ಲಿ ಮೂರು ಒಣಗಿರುತ್ತವೆ, ನಾಲ್ಕನೆಯದು ಪರ್ಮನೆಂಟ್ ಮಾರ್ಕರ್ ಆಗಿರುತ್ತದೆ. ಅದರಲ್ಲಿ ದಪ್ಪಕ್ಕೆ ಬರೆದು, ಒರೆಸಲು ಹೋಗಿ, ಹೋಗದೆ, ಬೆವರಿ, ಅಂಗೈಯಲ್ಲಿ ತಿಕ್ಕುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಉಪಾಯ ಸುಲಭ. ಅದೇ ಬರಹದ ಮೇಲೆ ಸಾಧಾರಣ ಬೋರ್ಡ್ ಮಾರ್ಕರಿನಿಂದ ತಿದ್ದಿ, ಹಸಿ ಇರುವಾಗಲೇ ಒರೆಸಬೇಕು. ಹೊಸ ಮಸಿಯಲ್ಲಿರುವ ದ್ರಾವಕ ಹಳೆಯ ಮಸಿಯನ್ನೂ ಕರಗಿಸಿ ಎಬ್ಬಿಸಿಕೊಂಡು ಬರುತ್ತದೆ. ಅದಕ್ಕಾಗಿ ಚೀಲದಲ್ಲಿ ಸ್ವಂತದ್ದೊಂದು ಹೊಸ ಮಾರ್ಕರು, ಒಂದು ಹಳೇ ಬಟ್ಟೆ ಇರಲಿ. ಅಕ್ಷರದ ಎತ್ತರ ನಾಲ್ಕು ಬೆರಳು ಜೋಡಿಸಿದಷ್ಟು. ಅದಕ್ಕಿಂತ ಕಡಿಮೆಯಾದರೆ ಕೊನೆಯ ಬೆಂಚಿಗೆ 2/3 ಅನ್ನುವುದು 213 ಆಗಿ ಕಾಣುತ್ತದೆ. ಭಿನ್ನರಾಶಿಯನ್ನು ಬೋರ್ಡಿನ ಮೇಲೆ ಯಾವಾಗಲೂ ಮೇಲೆ ಕೆಳಗೆ ಬರೆದು ನಡುವೆ ಅಡ್ಡಗೆರೆ ಎಳೆಯುವುದು ವಾಸಿ. ಓರೆಗೆರೆ ನಮ್ಮಂಥ ಟೈಪಿಸುವವರಿಗೆ.

ಈಗ ತಿರುಳು. ಎರಡು ಉದ್ದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ. "ಎರಡು ಚಿಕ್ಕಿ ಇವೆ. ಒಬ್ಬೊಬ್ಬರಿಗೆ ಮೂರನೇ ಎರಡು ಭಾಗ ಕೊಡಬೇಕು. ಎಷ್ಟು ಜನಕ್ಕೆ ಬರುತ್ತದೆ?" ಇಷ್ಟು ಕೇಳಿ ಬಾಯಿ ಮುಚ್ಚಬೇಕು. ಈ ಬಾಯಿ ಮುಚ್ಚುವುದೇ ಇಡೀ ಡೆಮೊದಲ್ಲಿ ಅತಿ ಕಷ್ಟದ ಭಾಗ. ಮೇರಿ ಬಡ್ ರೋ ಎಂಬಾಕೆ ಅಮೆರಿಕದ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರ ಬರದೇ ಇರುವುದು ಕಡಿಮೆಯಾಯಿತು. ಡೆಮೊದಲ್ಲಿ ಆ ಒಂದು ಸೆಕೆಂಡೂ ಇರುವುದಿಲ್ಲ. "ಎಷ್ಟು ಜನಕ್ಕೆ? ಮೂರು! ವೆರಿ ಗುಡ್!" ಅಂತ ಅಭ್ಯರ್ಥಿಯೇ ಕೇಳಿ, ಅಭ್ಯರ್ಥಿಯೇ ಹೇಳಿ, ಅಭ್ಯರ್ಥಿಯೇ ಶಭಾಷ್‌ಗಿರಿ ಪಡೆದು ಮುಂದೆ ಹೋಗುತ್ತಾರೆ. ಮೂರು ಸೆಕೆಂಡು ಬಹಳ ಉದ್ದ ಅನಿಸಿದರೆ ಮನಸ್ಸಿನಲ್ಲೇ "ಒಂದಾನೆ, ಎರಡಾನೆ, ಮೂರಾನೆ" ಅಂತ ಎಣಿಸಿಕೊಳ್ಳಬಹುದು. ಜೋರಾಗಿ ಎಣಿಸಬಾರದು ಅಷ್ಟೇ.

ಆಮೇಲೆ ಹಂತ. ಮೊದಲು ಪ್ರತಿ ಚಿಕ್ಕಿಯನ್ನೂ ಮೂರು ತುಂಡು ಮಾಡಿದೆವು. ಎರಡು ಚಿಕ್ಕಿಗೆ 2 × 3, ಆರು ತುಂಡು. ಒಬ್ಬರಿಗೆ ಎರಡೆರಡು ತುಂಡು. ಆರನ್ನು ಎರಡೆರಡಾಗಿ ಗುಂಪು ಮಾಡಿದರೆ ಮೂರು ಜನ. ಇಲ್ಲಿ ನಿಲ್ಲಿಸಿ, ಮಾಡಿದ್ದನ್ನೇ ಇನ್ನೊಮ್ಮೆ ಓದಿಸಬೇಕು: ಮೂರರಿಂದ ಗುಣಿಸಿದೆವು, ಎರಡರಿಂದ ಭಾಗಿಸಿದೆವು. ಮೂರರಿಂದ ಗುಣಿಸಿ ಎರಡರಿಂದ ಭಾಗಿಸುವುದೆಂದರೆ 3/2ರಿಂದ ಗುಣಿಸಿದ ಹಾಗೆ. ಕೊಟ್ಟಿದ್ದು 2/3, ಬಂದದ್ದು 3/2. ತಲೆಕೆಳಗಾದದ್ದು ಯಾವ ಮಂತ್ರದಿಂದಲೂ ಅಲ್ಲ. ಛೇದ ತುಂಡು ಮಾಡುತ್ತದೆ, ಅದಕ್ಕೆ ಗುಣಾಕಾರ. ಅಂಶ ಗುಂಪು ಕಟ್ಟುತ್ತದೆ, ಅದಕ್ಕೆ ಭಾಗಾಕಾರ. ವ್ಯುತ್ಕ್ರಮ ಎಂಬ ಹೆಸರನ್ನು ಈಗ ಬೋರ್ಡಿನ ಮೇಲೆ ಬರೆದರೆ ಮಕ್ಕಳಿಗೆ ಅದು ಪರಿಚಯದ ವಸ್ತುವಿಗೆ ಇಟ್ಟ ಹೆಸರು. ಮೊದಲೇ ಬರೆದಿದ್ದರೆ ಆ ಒತ್ತಕ್ಷರದಲ್ಲೇ ಅರ್ಧ ತರಗತಿ ಎಡವಿ ಬಿದ್ದಿರುತ್ತಿತ್ತು.

ನಂತರ ಬರುತ್ತದೆ, ಎಲ್ಲಾ ಡೆಮೊಗಳಲ್ಲೂ ಬರುವ ಆ ಮಾತು: "ಅರ್ಥ ಆಯ್ತಾ ಮಕ್ಳೇ?" "ಆಯ್ತು ಮಿ...ಸ್!" ಅದು ಗುಡ್ ಮಾರ್ನಿಂಗಿನ ಎರಡನೇ ಚರಣ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬದಲಿಗೆ 3 ÷ 3/4 ಕೊಟ್ಟು, ಪುಸ್ತಕದಲ್ಲಿ ಪಟ್ಟಿ ಬರೆದು ಎತ್ತಿ ತೋರಿಸಿ ಅನ್ನಬೇಕು. ಮೂರು ಪಟ್ಟಿ, ಹನ್ನೆರಡು ತುಂಡು, ಮೂರು ಮೂರರ ಗುಂಪು, ಉತ್ತರ 4. ಮೂವತ್ತು ಪುಸ್ತಕ ಒಟ್ಟಿಗೆ ಎದ್ದಾಗ ಯಾರು ಎಲ್ಲಿ ತಪ್ಪಿದರು ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಹಿಂದೆ ಕೂತವರಿಗೂ ಕಾಣುತ್ತದೆ, ಅದು ಇನ್ನೂ ಒಳ್ಳೆಯದು. ಈ ಸಮಯದಲ್ಲಿ ಬೋರ್ಡಿನ ಪಕ್ಕ ಬೆವರು ಒರೆಸಿಕೊಳ್ಳುತ್ತಾ ನಿಲ್ಲದೆ ಬೆಂಚುಗಳ ನಡುವೆ ಓಡಾಡಬೇಕು. ಸಂದರ್ಶನಕ್ಕೆಂದು ತೊಟ್ಟ ಹೊಸ ಚಪ್ಪಲಿ ಕಚ್ಚುತ್ತಿದ್ದರೂ.

ಮಕ್ಕಳಿಲ್ಲದ ಡೆಮೊ ಇದಕ್ಕಿಂತ ಫಜೀತಿ. ಮೂರು ಶಿಕ್ಷಕರು, ಒಬ್ಬ ಕೋಆರ್ಡಿನೇಟರು, ಆಡಳಿತ ಮಂಡಳಿಯ ಒಬ್ಬ ಹಿರಿಯರು, "ನಾವೇ ಮಕ್ಕಳು ಅಂದ್ಕೊಳ್ಳಿ" ಅಂತ ಸಣ್ಣ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಕೂತಿರುತ್ತಾರೆ. ಅವರನ್ನು ಏನೆಂದು ಕರೆಯುವುದು? "ಪುಟ್ಟಾ, ನೀನು ಹೇಳು" ಅಂದರೆ ಐವತ್ತೈದರ ಪುಟ್ಟ ಕನ್ನಡಕದ ಮೇಲಿಂದ ನೋಡುತ್ತಾರೆ. "ಸರ್, ದಯವಿಟ್ಟು ಉತ್ತರಿಸುವಿರಾ ಸರ್" ಅಂದರೆ ತರಗತಿ ಹೋಗಿ ಕಚೇರಿಯಾಗುತ್ತದೆ. "ಹಿಂದಿನ ಬೆಂಚಿನವರು ಹೇಳಿ" ಅನ್ನುವುದು ಎರಡಕ್ಕೂ ನಡುವಿನ ದಾರಿ. ಬಹುವಚನ ಯಾರನ್ನೂ ನೋಯಿಸುವುದಿಲ್ಲ. ಇನ್ನೊಂದು ವಿಷಯ. ಆ ಗುಂಪಿನಲ್ಲಿರುವ ಗಣಿತದ ಮೇಡಂ ತಮ್ಮ ಶಾಲೆಯ ಅತ್ಯಂತ ಕಿತಾಪತಿ ಹುಡುಗನ ಪಾತ್ರವನ್ನು ವರ್ಷಗಳಿಂದ ಗಮನಿಸಿರುತ್ತಾರೆ, ಇವತ್ತು ಅದನ್ನು ಅಭಿನಯಿಸುವ ಭಾಗ್ಯ ಒದಗಿರುತ್ತದೆ. ಪೆನ್ನು ಬೀಳಿಸುತ್ತಾರೆ, "ಮಿಸ್, ಇವ್ನು ನೋಡಿ ಮಿಸ್" ಅಂತಾರೆ. ನಕ್ಕು ಪಾಠ ಮುಂದುವರಿಸಬೇಕೇ ಹೊರತು ಶಿಸ್ತಿನ ಭಾಷಣ ಬೇಡ.

ಅವರ ಪ್ರಶ್ನೆಗಳು ಮಾತ್ರ ಆಟವಲ್ಲ. ಮೊದಲನೆಯದು ಬಹುತೇಕ ಇದೇ: "ಮಿಸ್, ಭಾಗಿಸಿದ್ರೆ ಕಡಿಮೆ ಆಗ್ಬೇಕಲ್ವಾ? ಹೆಚ್ಚಾಯ್ತಲ್ಲ?" ಇದಕ್ಕೆ ವ್ಯಾಖ್ಯಾನ ಬೇಡ, ನಾಲ್ಕು ಸಾಲು ಸಾಕು. 8 ÷ 4 = 2. 8 ÷ 2 = 4. 8 ÷ 1 = 8. ಮುಂದಿನ ಸಾಲು 8 ÷ 1/2, ಅದನ್ನು ಖಾಲಿ ಬಿಟ್ಟು ಕೈಯನ್ನು ಸೀಮೆಸುಣ್ಣದೊಂದಿಗೆ ಗಾಳಿಯಲ್ಲೇ ನಿಲ್ಲಿಸಿದರೆ ತರಗತಿಯೇ 16 ಅನ್ನುತ್ತದೆ. ಪಾಲಿನ ಗಾತ್ರ ಅರ್ಧವಾದಂತೆಲ್ಲ ಪಾಲುದಾರರು ಎರಡು ಪಟ್ಟಾಗುತ್ತಾರೆ. ಆಸ್ತಿ ಪಾಲಾದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ನಿಜವಾದ ಒಗಟು. "ಒಂದೇ ಚಿಕ್ಕಿ ಇದ್ರೆ? 1 ÷ 2/3?" ಮೂರು ತುಂಡು, ಎರಡು ಒಬ್ಬನಿಗೆ ಹೋಯಿತು, ಒಂದು ಉಳಿಯಿತು. ಉಳಿದದ್ದು ಚಿಕ್ಕಿಯ ಮೂರನೇ ಒಂದು ಭಾಗ. ಹಾಗಾದರೆ ಉತ್ತರ ಒಂದೂ ಮೂರನೇ ಒಂದು? ಸೂತ್ರ ಹಾಕಿದರೆ ಒಂದೂವರೆ ಬರುತ್ತದೆ. ಎಷ್ಟೋ ಅಭ್ಯರ್ಥಿಗಳು ತಮ್ಮ ಚಿತ್ರವನ್ನೂ ತಮ್ಮ ಸೂತ್ರವನ್ನೂ ಜಗಳಕ್ಕೆ ಬಿಟ್ಟು ನಡುವೆ ನಿಲ್ಲುವುದು ಇಲ್ಲೇ. ಕೊನೆಗೆ ಚಿತ್ರವನ್ನು ಒರೆಸಿಬಿಡುತ್ತಾರೆ. ಆದರೆ ಎರಡೂ ಸರಿಯೇ. ಉಳಿದ ತುಂಡು ಚಿಕ್ಕಿಯ ಲೆಕ್ಕದಲ್ಲಿ ಮೂರನೇ ಒಂದು. ಪಾಲಿನ ಲೆಕ್ಕದಲ್ಲಿ ಅರ್ಧ, ಏಕೆಂದರೆ ಒಂದು ಪಾಲು ಅಂದರೆ ಎರಡು ತುಂಡು. ನಾವು ಕೇಳಿದ್ದು ಎಷ್ಟು ಪಾಲು ಅಂತ. ಹಾಗಾಗಿ ಒಂದೂವರೆ. ಇದನ್ನು ಹೇಳುವಾಗ ಎರಡು ತುಂಡಿನ ಮೇಲೆ ಒಂದು ಕಂಸ ಹಾಕಿ "1 ಪಾಲು" ಅಂತ ಬರೆದು, ಉಳಿದ ತುಂಡಿನ ಮೇಲೆ "ಅರ್ಧ ಪಾಲು" ಅಂತ ಬರೆದರೆ ಮುಗಿಯಿತು. ಪಾಠದ ಮುಖ್ಯ ಉದಾಹರಣೆಗೆ ಉಳಿಕೆ ಬರದ 2 ÷ 2/3 ಆರಿಸಿದ್ದೂ, ಉಳಿಕೆ ಬರುವುದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೂ ಇದಕ್ಕೇ.

ಪಾಠ ಮುಗಿದ ಮೇಲೆ, ಮಕ್ಕಳು ಹೊರಗೆ ಹೋದ ಮೇಲೆ, ಕಾಫಿ ಬರುವ ಮುಂಚೆ ಇನ್ನೊಂದು ಸುತ್ತು. "ಒಬ್ಬ ಹುಡುಗ 3/4 ÷ 1/2 ಲೆಕ್ಕಕ್ಕೆ 3/8 ಅಂತ ಬರೆದಿದ್ದಾನೆ. ಏನು ಹೇಳ್ತೀರಿ?" "ತಪ್ಪು ಅಂತ ಹೇಳ್ತೀನಿ" ಅನ್ನುವುದು ಪಾಸಾಗುವ ಉತ್ತರವಲ್ಲ. 3/8 ಬಂದಿದೆ ಅಂದರೆ ಅವನು ತಿರುಗಿಸುವುದನ್ನೇ ಮರೆತು ನೇರ ಗುಣಿಸಿದ್ದಾನೆ. 2/3 ಅಂತ ಬರೆದಿದ್ದರೆ ಎರಡನೆಯದರ ಬದಲು ಮೊದಲನೆಯದನ್ನು ತಿರುಗಿಸಿದ್ದಾನೆ: 4/3 × 1/2, ಅಂದರೆ 4/6. ಸರಿಯುತ್ತರ 3/2. ತಪ್ಪು ಉತ್ತರಕ್ಕೂ ಒಂದು ವಿಳಾಸ ಇರುತ್ತದೆ, ಹುಡುಕಿಕೊಂಡು ಹೋದರೆ ಹುಡುಗ ಮನೆಯಲ್ಲೇ ಸಿಗುತ್ತಾನೆ.

ಇನ್ನು ಗಣಿತದ ಮೇಡಂ ಕೊನೆಯ ಬಾಣ ಬಿಡುತ್ತಾರೆ. "ಇನ್ನೊಬ್ಬ ಹುಡುಗ ಮೇಲಿನದನ್ನು ಮೇಲಿನದರಿಂದ, ಕೆಳಗಿನದನ್ನು ಕೆಳಗಿನದರಿಂದ ಭಾಗಿಸಿದ್ದಾನೆ. 3 ÷ 1 = 3, 4 ÷ 2 = 2, ಉತ್ತರ 3/2. ಸರಿಯೋ ತಪ್ಪೋ?" ಇಲ್ಲಿ ಹತ್ತರಲ್ಲಿ ಎಂಟು ಜನ ನಗುಮುಖದಿಂದ "ವಿಧಾನ ತಪ್ಪು ಮೇಡಂ, ಉತ್ತರ ಅದೃಷ್ಟಕ್ಕೆ ಬಂದಿದೆ" ಅನ್ನುತ್ತಾರೆ. ವಿಧಾನ ತಪ್ಪಲ್ಲ. ಗುಣಿಸುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಅನ್ನುವ ಹಾಗೆಯೇ ಭಾಗಿಸುವಾಗಲೂ ಅದು ಯಾವಾಗಲೂ ನಡೆಯುತ್ತದೆ. ತೊಂದರೆ ಒಂದೇ, 3/4 ÷ 2/3 ಸಿಕ್ಕರೆ ಮೇಲೆ ಒಂದೂವರೆ, ಕೆಳಗೆ 4/3 ಬಂದು, ಭಿನ್ನರಾಶಿಯೊಳಗೆ ಭಿನ್ನರಾಶಿ ಸಂಸಾರ ಹೂಡುತ್ತದೆ. ಅದನ್ನು ಬಿಡಿಸಿದರೂ ಸರಿಯಾಗಿ 9/8ಕ್ಕೇ ಬರುತ್ತದೆ. "ಸರಿ ಇದೆ, ಆದರೆ ಎಲ್ಲಾ ಲೆಕ್ಕಕ್ಕೂ ಅನುಕೂಲವಲ್ಲ, ಅವನಿಂದಲೇ 3/4 ÷ 2/3 ಮಾಡಿಸಿ ನೋಡ್ತೀನಿ" ಅಂದವರ ಹೆಸರಿನ ಮುಂದೆ ಮೇಡಂ ಏನೋ ಗುರುತು ಹಾಕಿಕೊಳ್ಳುತ್ತಾರೆ. ಈ ಪ್ರಶ್ನೆ ಮೊದಲ ಸಲ ಕೇಳುತ್ತಿದ್ದೀರಾದರೆ ಒಂದು ನಿಮಿಷ ಸಮಯ ಕೇಳಿ, ಬೇರೆ ಅಂಕಿ ಹಾಕಿ ಪರೀಕ್ಷಿಸಿ. ಅವರು ನೋಡಬೇಕೆಂದಿರುವುದೂ ಅದನ್ನೇ. ತಿಳಿಯದೆ ಇರುವುದಕ್ಕಿಂತ, ತಿಳಿಯದೆ ತೀರ್ಪು ಕೊಡುವವರನ್ನು ಕಂಡರೆ ಗಣಿತದವರಿಗೆ ಭಯ.

ಆಡಳಿತ ಮಂಡಳಿಯ ಹಿರಿಯರು ಇಷ್ಟು ಹೊತ್ತೂ ಸುಮ್ಮನಿದ್ದವರು ಒಂದೇ ಪ್ರಶ್ನೆ ಕೇಳುತ್ತಾರೆ: "ಕಂಪ್ಯೂಟರ್ ಬರುತ್ತಾ?" ಬರುತ್ತೆ ಸರ್ ಅನ್ನಬೇಕು.

ಇನ್ನು ಪಾಠದ ನಡುವೆಯೇ ಬರುವ, ಉತ್ತರ ಬೇಗ ಮುಗಿಯದ ಪ್ರಶ್ನೆಗಳು. ಆ 8 ÷ 4, 8 ÷ 2 ಸರಣಿ ಬರೆದಿರಲ್ಲ, ಅದರ ಬಾಲ ಹಿಡಿದು ಒಬ್ಬ ಬಂದೇ ಬರುತ್ತಾನೆ: "ಹಾಗಾದ್ರೆ 8 ÷ 0 ಎಷ್ಟು ಮಿಸ್?" ಕೆಲವರು "ಅನಂತ" ಅಂತ ಧೈರ್ಯವಾಗಿ ಹೇಳಿಬಿಡುತ್ತಾರೆ, ಹಿಂದೆ ಕೂತ ಮೇಡಂ ಪೆನ್ನು ತೆಗೆಯುತ್ತಾರೆ. ಏಳನೇ ತರಗತಿಗೆ ಸರಿಯಾದ ದಾರಿ ಗುಣಾಕಾರಕ್ಕೆ ಹಿಂದಿರುಗುವುದು. 8 ÷ 2 = 4 ಏಕೆಂದರೆ 2 × 4 = 8. ಹಾಗಾದರೆ 0ಯನ್ನು ಎಷ್ಟರಿಂದ ಗುಣಿಸಿದರೆ 8? ಯಾವ ಸಂಖ್ಯೆಯೂ ಆಗುವುದಿಲ್ಲ, ಆದ್ದರಿಂದ ಅದಕ್ಕೆ ಉತ್ತರವೇ ಇಲ್ಲ. ಸಮಯವಿದ್ದರೆ ಇಷ್ಟನ್ನು ಹೇಳಬಹುದು. ಇಲ್ಲದಿದ್ದರೆ "ಗುಡ್ ಕ್ವೆಶ್ಚನ್" ಅಂತ ಬೆನ್ನು ತಟ್ಟಿ ಮರೆಯುವ ಬದಲು, ಬೋರ್ಡಿನ ಬಲಮೂಲೆಯಲ್ಲಿ 8 ÷ 0 = ? ಅಂತ ಬರೆದು, ಪಕ್ಕದಲ್ಲಿ ಆ ಮಗುವಿನ ಹೆಸರು ಹಾಕಿ, ಕೊನೆಯ ಖಾಲಿ ನಿಮಿಷದಲ್ಲಿ ಅದಕ್ಕೆ ಬರಬೇಕು.

ಅದಕ್ಕೆ ಉತ್ತರ ಹೇಳಿದ ಮೇಲೆ ಬೋರ್ಡು ಒರೆಸಿಯೇ ಹೊರಡಬೇಕು. ಎಲ್ಲರೂ ಮರೆಯುವುದು ಈ ಎರಡನ್ನೂ. ಫೈಲು, ಚೀಲ, ಉಳಿದ ಪಟ್ಟಿಗಳನ್ನು ಬಾಚಿಕೊಂಡು, ಮೂರು ಸಲ ಥ್ಯಾಂಕ್ಯೂ ಹೇಳಿ, ಎಳೆಯುವ ಬಾಗಿಲನ್ನು ತಳ್ಳುತ್ತಾ ಹೋಗಿಬಿಡುತ್ತಾರೆ. ಮುಂದಿನ ಅಭ್ಯರ್ಥಿ ಒಳಗೆ ಬರುತ್ತಾರೆ, ಸಮಾಜ ವಿಜ್ಞಾನ, ಕೈಯಲ್ಲಿ ಸುರುಳಿ ಸುತ್ತಿದ ಕರ್ನಾಟಕದ ಭೂಪಟ. ಗುಡ್ ಮಾ...ರ್ನಿಂಗ್ ಮುಗಿದು ಎಲ್ಲರೂ ಕೂತ ಮೇಲೂ ಒಂದು ಮಗು ನಿಂತೇ ಇರುತ್ತದೆ. ಬಲಮೂಲೆಯಲ್ಲಿ ತನ್ನ ಹೆಸರಿದೆಯಲ್ಲ.

"ಮಿಸ್, ಅದಕ್ಕೆ ಉತ್ತರ ಹೇಳೇ ಇಲ್ಲ."